ಸಂಕ್ಷೇಪ ಬೇರೆ, ಸಾರಾಂಶ ಬೇರೆ: ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಟ್ಯೂಷನ್ ಹೇಳ್ತೀನಿ. ಕನ್ನಡ, ಇಂಗ್ಲಿಷ್ ಎರಡೂ. ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ ಮೂರೂ ಕಡೆಯ ಮಕ್ಕಳು ಬರ್ತಾರೆ. ಪ್ರೆಸಿ ಬರೀರಿ ಅಂದ್ರೂ, ಸಮ್ಮರಿ ಬರೀರಿ ಅಂದ್ರೂ ಒಂದೇ ಥರ ಬರೀತಾರೆ. "ಪ್ರೆಸಿ ಅಂದ್ರೆ ಮೂರನೇ ಒಂದು ಭಾಗ" ಅಂತ ಹೇಳಿಕೊಟ್ಟಿದ್ದೀನಿ. ಆದರೂ ವ್ಯತ್ಯಾಸ ಅವರ ತಲೆಗೆ ಹತ್ತುತ್ತಿಲ್ಲ. ಬೋರ್ಡ್ ಪರೀಕ್ಷೆಗೆ ಮುಂಚೆ ಇದನ್ನು ಹೇಗೆ ಕಲಿಸಲಿ?

ಉತ್ತರ: ಮೇಡಂ, "ಮೂರನೇ ಒಂದು ಭಾಗ" ಎಂಬ ಮಾತಿನಿಂದ ಶುರು ಮಾಡಿದ್ದರಿಂದಲೇ ಗೊಂದಲ ಆಗಿರಬಹುದು. ಅದು ತಪ್ಪಲ್ಲ. ಆದರೆ ಅದನ್ನು ಮೊದಲು ಕೇಳಿದ ಮಕ್ಕಳು ವ್ಯತ್ಯಾಸ ಇರುವುದು ಉದ್ದದಲ್ಲಿ ಎಂದುಕೊಳ್ಳುತ್ತಾರೆ. ಸಾರಾಂಶವನ್ನೂ ಮೂರನೇ ಒಂದರಷ್ಟು ಉದ್ದ ಬರೆಯಬಹುದು, ಅಲ್ವಾ? ಹಾಗೆ ಬರೆದ ಮಾತ್ರಕ್ಕೆ ಅದು ಪ್ರೆಸಿ, ಅಂದರೆ ಸಂಕ್ಷೇಪ, ಆಗುವುದಿಲ್ಲ.

ನಾನು ತರಗತಿಯಲ್ಲಿ ರಾಯಚೂರು ಜಿಲ್ಲೆಯ ನಕ್ಷೆಯಿಂದ ಶುರು ಮಾಡುತ್ತೇನೆ. ಗೋಡೆಯ ಮೇಲಿನ ದೊಡ್ಡ ನಕ್ಷೆಯನ್ನು ನೋಟ್‌ಬುಕ್ ಹಾಳೆಗೆ ಇಳಿಸಬೇಕು ಎಂದರೆ ದೇವದುರ್ಗವನ್ನು ಬಿಡುವಂತಿಲ್ಲ, ಸಿಂಧನೂರನ್ನು ಸುಮ್ನೆ ದೊಡ್ಡದು ಮಾಡುವಂತಿಲ್ಲ. ಎಲ್ಲ ತಾಲ್ಲೂಕೂ ತನ್ನ ಜಾಗದಲ್ಲಿ, ತನ್ನ ಅಳತೆಯಲ್ಲಿ ಇರಬೇಕು. ಇದು ಸಂಕ್ಷೇಪ. ಅದೇ ನಕ್ಷೆ ನೋಡಿಕೊಂಡು ಯಾರಿಗಾದರೂ ಲಿಂಗಸುಗೂರಿಗೆ ಹೋಗುವ ದಾರಿ ಹೇಳಿದರೆ ಅದು ಸಾರಾಂಶ. ಕೇಳಿದವರಿಗೆ ಬೇಕಾದಷ್ಟು ಹೇಳಿ ಉಳಿದದ್ದನ್ನು ಬಿಡುತ್ತೇವೆ.

ಅಂದರೆ ಸಂಕ್ಷೇಪದಲ್ಲಿ ಯಾವುದು ಮುಖ್ಯ, ಅದಕ್ಕೆ ಎಷ್ಟು ಜಾಗ ಎಂಬುದನ್ನು ಮೂಲ ಲೇಖಕರು ಮೊದಲೇ ತೀರ್ಮಾನಿಸಿದ್ದಾರೆ. ಸಾರಾಂಶದಲ್ಲಿ ಅದನ್ನು ತೀರ್ಮಾನಿಸುವುದು ಪ್ರಶ್ನೆ, ಇಲ್ಲವೇ ಬರೆಯುವವರು. ಮಕ್ಕಳಿಗೆ ಇಷ್ಟೇ ಹೇಳಿ ನಿಲ್ಲಿಸಿ. ಉಳಿದದ್ದು ಮಾತಿನಲ್ಲಿ ಅರ್ಥ ಆಗುವುದಿಲ್ಲ, ಒಂದೇ ಗದ್ಯದ ಮೇಲೆ ಎರಡನ್ನೂ ಬರೆಸಿದಾಗ ಅರ್ಥ ಆಗುತ್ತದೆ.

ಅದಕ್ಕೆ ಮುಂಚೆ ಸ್ಟೇಟ್ ಸಿಲೆಬಸ್ ಮಕ್ಕಳ ಒಂದು ತೊಂದರೆ ಹೇಳಬೇಕು. ಎಸ್‌ಎಸ್‌ಎಲ್‌ಸಿ ಕನ್ನಡದಲ್ಲಿ "ಪದ್ಯಭಾಗದ ಸಾರಾಂಶ ಬರೆಯಿರಿ" ಎಂಬ ಪ್ರಶ್ನೆ ಅವರಿಗೆ ಅಭ್ಯಾಸ. ಅಲ್ಲಿ ನಾಲ್ಕು ಸಾಲಿನ ಪದ್ಯಕ್ಕೆ ಎಂಟು ಹತ್ತು ಸಾಲಿನ ಉತ್ತರ ಬರೆಯುತ್ತಾರೆ. ಹಳಗನ್ನಡ ಬಿಡಿಸಿ, ಸಂದರ್ಭ ಹೇಳಿ, ಭಾವ ವಿವರಿಸುತ್ತಾರೆ. ಅಲ್ಲಿ ಅದು ಸರಿ. ಆದರೆ ಅದೇ ಕೈ ಗದ್ಯದ ಸಾರಾಂಶಕ್ಕೂ ಬಂದರೆ ಉತ್ತರ ಮೂಲಕ್ಕಿಂತ ಜಾಸ್ತಿ ಆಗುತ್ತದೆ. ಪದ್ಯದ ಸಾರಾಂಶ ಬಿಡಿಸಿ ಹೇಳುವ ಕೆಲಸ, ಗದ್ಯದ ಸಾರಾಂಶ ಆರಿಸಿ ಹೇಳುವ ಕೆಲಸ ಎಂದು ಮೊದಲ ದಿನವೇ ಬೇರೆ ಮಾಡಿಬಿಡಿ.

ಈಗ ಗದ್ಯಕ್ಕೆ ಬರೋಣ. ನಿಮ್ಮ ಮಕ್ಕಳಿಗೆ ಗೊತ್ತಿರುವ ವಿಷಯದ ಮೇಲೆ ನಾನೇ ಬರೆದದ್ದು ಇದು. ಸರಿಯಾಗಿ 120 ಪದ ಇದೆ.

"ತುಂಗಭದ್ರಾ ಅಣೆಕಟ್ಟೆ ಕಟ್ಟಿ ಮುಗಿದದ್ದು 1953ರಲ್ಲಿ. ಆಗ ಅದು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಆ ನೀರು ಕಾಲುವೆಗಳ ಮೂಲಕ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಒಣ ಹೊಲಗಳಿಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಗಂಗಾವತಿ, ಸಿಂಧನೂರು ಬರಬರುತ್ತಾ ಭತ್ತದ ಊರುಗಳಾದವು.

ಆದರೆ ನದಿ ಪ್ರತಿ ಮಳೆಗಾಲದಲ್ಲೂ ನೀರಿನ ಜೊತೆ ಹೂಳನ್ನೂ ತರುತ್ತದೆ. ಹರಿಯುವ ನೀರು ಜಲಾಶಯದಲ್ಲಿ ನಿಂತಾಗ ಆ ಹೂಳು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಹೀಗೆ ವರ್ಷ ವರ್ಷ ಕೂತ ಹೂಳಿನಿಂದ ಅಣೆಕಟ್ಟೆ ಈಗ ಹಿಡಿಯುವುದು ಸುಮಾರು 105 ಟಿಎಂಸಿ ಮಾತ್ರ. ಅಂದರೆ ಮೂಲ ಸಾಮರ್ಥ್ಯದಲ್ಲಿ ಐದನೇ ಒಂದು ಪಾಲು ಹೋಯಿತು.

ಇದರ ಬಿಸಿ ಮೊದಲು ತಟ್ಟುವುದು ಕಾಲುವೆಯ ಕೊನೆಯ ರೈತರಿಗೆ. ಮೇಲಿನವರು ಭತ್ತಕ್ಕೆ ನೀರು ಕಟ್ಟಿಕೊಂಡು ಉಳಿದದ್ದು ಮಾತ್ರ ಕೆಳಗೆ ಬರುತ್ತದೆ. 'ನಮಗೆ ಕಾಲುವೆ ಇದೆ, ನೀರಿಲ್ಲ' ಎನ್ನುತ್ತಾರೆ ಮಾನ್ವಿ ಕಡೆಯ ರೈತರೊಬ್ಬರು. ಹೂಳು ತೆಗೆಯೋಣ ಎಂದರೆ ಖರ್ಚು ದೊಡ್ಡದು, ತೆಗೆದ ಮಣ್ಣು ಹಾಕಲು ಜಾಗವಿಲ್ಲ. ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟುವ ಮಾತಿದೆ, ಅದಕ್ಕೆ ಇನ್ನೂ ಕಾಲ ಬೇಕು. ಸದ್ಯಕ್ಕೆ ಕೈಯಲ್ಲಿರುವ ದಾರಿ ಒಂದೇ: ಭತ್ತ ಕಡಿಮೆ ಮಾಡಿ, ನೀರು ಕಡಿಮೆ ಕುಡಿಯುವ ಬೆಳೆಗೆ ಹೋಗುವುದು."

ಮೊದಲು ಸಂಕ್ಷೇಪ ಬರೆಸಿ. ಪೆನ್ನು ಹಿಡಿಯುವ ಮುಂಚೆ ಪ್ಯಾರಾವಾರು ಪದ ಎಣಿಸಲು ಹೇಳಿ. ಮೊದಲ ಪ್ಯಾರಾ 30, ಎರಡನೆಯದು 36, ಮೂರನೆಯದು 54. ಒಟ್ಟು 120ಕ್ಕೆ 40 ಪದದ ಸಂಕ್ಷೇಪ ಬೇಕು. ಆ 40ನ್ನು ಅದೇ ಪಾಲಿನಲ್ಲಿ ಹಂಚಿದರೆ 10, 12, 18. ಮಕ್ಕಳು ಈ ಮೂರು ಅಂಕಿಗಳನ್ನು ಮಾರ್ಜಿನ್‌ನಲ್ಲಿ ಬರೆದುಕೊಳ್ಳಲಿ. ಪರೀಕ್ಷೆಯ ಗದ್ಯ ಉದ್ದ ಇದ್ದಾಗ ಒಂದೊಂದೇ ಪದ ಎಣಿಸುತ್ತಾ ಕೂರಲು ಆಗುವುದಿಲ್ಲ. ಒಂದು ಸಾಲಿಗೆ ಎಷ್ಟು ಪದ ಎಂದು ನೋಡಿ ಸಾಲುಗಳಿಂದ ಗುಣಿಸಿದರೆ ಸಾಕು.

ಆಮೇಲೆ ಪ್ರತಿ ಪ್ಯಾರಾದ ಪಕ್ಕ ಅದು ಮಾಡುವ ಕೆಲಸವನ್ನು ಎರಡು ಮೂರು ಪದದಲ್ಲಿ ಬರೆಸಿ. ಇಲ್ಲಿ "ನೀರು ಬಂತು", "ಹೂಳು ತುಂಬಿತು", "ಪರಿಣಾಮ ಮತ್ತು ದಾರಿ". ಇದನ್ನು ಬರೆದ ಮೇಲೆ ಮೂಲ ಗದ್ಯವನ್ನು ಮುಚ್ಚಿಸಿ. ನೋಡಿಕೊಂಡು ಬರೆದರೆ ಮಕ್ಕಳು ವಾಕ್ಯಗಳನ್ನು ಎತ್ತಿ ಅಂಟಿಸುತ್ತಾರೆ. ಮುಚ್ಚಿ ಬರೆದರೆ ಸ್ವಂತ ಮಾತು ತಾನಾಗಿ ಬರುತ್ತದೆ. ಅಂಕಿ, ಹೆಸರು ಆಮೇಲೆ ಮೂಲ ನೋಡಿ ತಿದ್ದಿಕೊಳ್ಳಲಿ.

ತಿದ್ದಿದ ಮೇಲೆ ಬರಬೇಕಾದದ್ದು ಹೆಚ್ಚುಕಡಿಮೆ ಹೀಗಿರುತ್ತದೆ:

"1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆ ಮೂರು ಜಿಲ್ಲೆಗಳ ಒಣ ನೆಲಕ್ಕೆ ಭತ್ತ ತಂದಿತು. ಆದರೆ ಪ್ರತಿ ವರ್ಷ ಸೇರುವ ಹೂಳಿನಿಂದ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105ಕ್ಕೆ ಇಳಿದಿದೆ. ಇದರಿಂದ ಕಾಲುವೆಯ ಕೊನೆಯವರಿಗೆ ನೀರು ಸಾಲದು. ಹೂಳೆತ್ತುವುದು ಕಷ್ಟ, ಹೊಸ ಜಲಾಶಯ ತಡ; ಸದ್ಯಕ್ಕೆ ಭತ್ತ ತಗ್ಗಿಸಿ ಕಡಿಮೆ ನೀರಿನ ಬೆಳೆಗೆ ಹೋಗುವುದೇ ದಾರಿ."

ಇದರಲ್ಲಿ 40 ಪದ ಇದೆ. ಬೋರ್ಡ್ ಮೇಲೆ ಮೂಲವನ್ನೂ ಇದನ್ನೂ ಪಕ್ಕಪಕ್ಕ ಬರೆದು, ಯಾವುದು ಎಲ್ಲಿ ಹೋಯಿತು ಎಂದು ಮಕ್ಕಳಿಂದಲೇ ಹೇಳಿಸಿ. ನಿಜವಾದ ಪಾಠ ಇರುವುದು ಇಲ್ಲೇ, ಅವಸರ ಮಾಡಬೇಡಿ.

"ಕೊಪ್ಪಳ, ರಾಯಚೂರು, ಬಳ್ಳಾರಿ" ಹೋಗಿ "ಮೂರು ಜಿಲ್ಲೆ" ಬಂತು. ಖರ್ಚಿನ ಮಾತು, ಮಣ್ಣು ಹಾಕುವ ಮಾತು ಎರಡೂ ಸೇರಿ "ಕಷ್ಟ" ಎಂಬ ಒಂದು ಪದ ಆಯಿತು. ಬಿಡಿ ಸಂಗತಿಗಳ ಜಾಗದಲ್ಲಿ ಅವನ್ನೆಲ್ಲ ಹಿಡಿಯುವ ಒಂದು ಮಾತು ಹಾಕುವುದು ಸಂಕ್ಷೇಪದ ಮೊದಲ ಉಪಾಯ. "ಅಣೆಕಟ್ಟೆ ಕಟ್ಟಿ ಮುಗಿದದ್ದು 1953ರಲ್ಲಿ" ಎಂಬ ಪೂರ್ತಿ ವಾಕ್ಯ "1953ರಲ್ಲಿ ಮುಗಿದ ಅಣೆಕಟ್ಟೆ" ಎಂದು ಮುಂದಿನ ವಾಕ್ಯದೊಳಗೆ ಸೇರಿಕೊಂಡಿತು. ಈ "ಮುಗಿದ", "ಸೇರುವ" ಥರದ ರೂಪ ಕನ್ನಡದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಎರಡು ವಾಕ್ಯ ಒಂದಾಗುತ್ತದೆ, ಅರ್ಥ ಕೆಡುವುದಿಲ್ಲ.

ಮಾನ್ವಿ ರೈತರ ಮಾತು ಪೂರ್ತಿ ಹೋಯಿತು. ಅದು ಚೆನ್ನಾಗಿದೆ, ಮಕ್ಕಳಿಗೆ ಬಿಡಲು ಮನಸ್ಸೇ ಬರುವುದಿಲ್ಲ. ಆದರೆ ಅದರ ಹಿಂದಿನ ವಾಕ್ಯ ಹೇಳಿದ್ದಕ್ಕೆ ಅದು ಉದಾಹರಣೆ ಅಷ್ಟೆ. ಮಾತಿನಲ್ಲೇ ಹೊಸ ವಿಷಯ ಇದ್ದರೆ ಮಾತ್ರ ಉದ್ಧರಣ ಚಿಹ್ನೆ ತೆಗೆದು "ಎಂದು" ಹಾಕಿ, ವರದಿಯ ರೂಪದಲ್ಲಿ ಉಳಿಸಿಕೊಳ್ಳಬೇಕು.

ಅಂಕಿಗಳನ್ನು ಬಿಡಬೇಕೋ ಇಡಬೇಕೋ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಇಲ್ಲಿ 133 ಮತ್ತು 105 ಇರಬೇಕು. ಇಡೀ ವಾದ ಆ ಎರಡು ಅಂಕಿಗಳ ಮೇಲೆ ನಿಂತಿದೆ. "ಐದನೇ ಒಂದು ಪಾಲು" ಬೇಡ, ಏಕೆಂದರೆ ಅದು ಆ ಎರಡರಿಂದಲೇ ಹೊರಡುವ ಲೆಕ್ಕ. ಆದರೆ "ಸುಮಾರು" ಬಿಡುವಂತಿಲ್ಲ. ಒಂದು ಪದ ಉಳಿಯುತ್ತದೆ ಎಂದು ಅದನ್ನು ತೆಗೆದರೆ ಲೇಖಕರು ಹೇಳದ ನಿಖರತೆ ಬಂದುಬಿಡುತ್ತದೆ.

ಇನ್ನು "ಆದರೆ", "ಇದರಿಂದ". ಪದ ಉಳಿಸಲು ಮಕ್ಕಳು ಮೊದಲು ಕತ್ತರಿ ಹಾಕುವುದು ಇವಕ್ಕೇ. ಇವು ಹೋದರೆ ಉಳಿಯುವುದು ನಾಲ್ಕು ಬಿಡಿ ಸುದ್ದಿ. ಅಣೆಕಟ್ಟೆ ಕಟ್ಟಿದರು, ಹೂಳಿದೆ, ನೀರಿಲ್ಲ, ಭತ್ತ ಬೇಡ. ಯಾವುದರಿಂದ ಯಾವುದು ಆಯಿತು ಎಂಬುದು ಕಾಣುವುದಿಲ್ಲ. ಬೇರೆ ಎಲ್ಲಿ ಬೇಕಾದರೂ ಕಡಿಯಲಿ, ಕಾರಣ ಹೇಳುವ ಪದಗಳನ್ನು ಮುಟ್ಟದಿರಲಿ.

ಹಂಚಿಕೆಯ ಲೆಕ್ಕವನ್ನು ಕಬ್ಬಿಣದ ನಿಯಮ ಮಾಡಬೇಡಿ. ಒಂದು ಪ್ಯಾರಾ ತುಂಬಾ ಬರೀ ಉದಾಹರಣೆಗಳೇ ಇದ್ದರೆ ಅದರ ಪಾಲು ತಾನಾಗಿ ಕಡಿಮೆ ಆಗುತ್ತದೆ. ನಮ್ಮ ಮೂರನೇ ಪ್ಯಾರಾದಲ್ಲೂ ರೈತರ ಮಾತು ಹೋಯಿತು. ಆದರೂ 18 ಪದ ಬೇಕಾಯಿತು, ಏಕೆಂದರೆ ಪರಿಣಾಮ, ಆಗದ ಎರಡು ದಾರಿ, ಆಗುವ ಒಂದು ದಾರಿ ಎಲ್ಲವೂ ಅಲ್ಲೇ ಇವೆ. ತಪ್ಪು ಎಲ್ಲಿ ಆಗಿದೆ ಎಂದು ತೋರಿಸಲು ಮಾತ್ರ ಈ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ. ಮಕ್ಕಳ ಉತ್ತರದಲ್ಲಿ ಮೊದಲ ಪ್ಯಾರಾಕ್ಕೆ 25 ಪದ ಹೋಗಿ, ಕೊನೆಯದಕ್ಕೆ ಐದೇ ಉಳಿದಿರುತ್ತವೆ. ಶುರುವಿನಲ್ಲಿ ಧಾರಾಳ, ಕೊನೆಗೆ ಬರುವಾಗ ಪದ ಖಾಲಿ. ಲೇಖಕರು ಹೇಳಲು ಹೊರಟದ್ದು ಸಾಮಾನ್ಯವಾಗಿ ಕೊನೆಯಲ್ಲೇ ಇರುವುದರಿಂದ ಅಂಕ ಹೋಗುವುದೂ ಅಲ್ಲೇ. ಕೆಂಪು ಪೆನ್ನಿನಲ್ಲಿ "ಚೆನ್ನಾಗಿಲ್ಲ" ಎಂದು ಬರೆಯುವ ಬದಲು 25, 10, 5 ಎಂದು ಬರೆದು 10, 12, 18ರ ಪಕ್ಕ ಇಡಿ. ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪದ ಉಳಿಸಲು ಇನ್ನೊಂದು ಚಾಲಾಕಿ ಮಾಡುತ್ತಾರೆ. "ಹೊಸಜಲಾಶಯ", "ಕಡಿಮೆನೀರಿನಬೆಳೆ" ಎಂದು ಎಲ್ಲವನ್ನೂ ಅಂಟಿಸಿ ಒಂದು ಪದ ಎಂದು ಎಣಿಸುತ್ತಾರೆ. ನಗು ಬರುತ್ತದೆ, ಆದರೆ ಬಿಡಬೇಡಿ. ಮೂಲದಲ್ಲಿ ಬಿಡಿಸಿ ಬರೆದದ್ದನ್ನು ಉತ್ತರದಲ್ಲೂ ಬಿಡಿಸಿಯೇ ಎಣಿಸಬೇಕು ಎಂದು ಹೇಳಿ.

ಈಗ ಅದೇ ಗದ್ಯ, ಅದೇ ಮಕ್ಕಳು. ಬೋರ್ಡ್ ಮೇಲೆ ಈ ಪ್ರಶ್ನೆ ಬರೆಯಿರಿ: "ಕಾಲುವೆಯ ಕೊನೆಯ ರೈತರಿಗೆ ನೀರು ಏಕೆ ಸಾಲುತ್ತಿಲ್ಲ? 30 ಪದ ಮೀರದಂತೆ ಸಾರಾಂಶ ಬರೆಯಿರಿ."

"ಲೇಖಕರ ಪ್ರಕಾರ ಇದಕ್ಕೆ ಎರಡು ಕಾರಣ. ಒಂದು, ಹೂಳು ತುಂಬಿ ಅಣೆಕಟ್ಟೆಯ ಐದನೇ ಒಂದು ಪಾಲು ಸಾಮರ್ಥ್ಯ ಹೋಗಿದೆ. ಎರಡು, ಇರುವ ನೀರನ್ನು ಮೇಲಿನ ಭತ್ತದ ಗದ್ದೆಗಳು ಮೊದಲು ಬಳಸುತ್ತವೆ. ಉಳಿದದ್ದು ಮಾತ್ರ ಕೆಳಗೆ ಬರುತ್ತದೆ."

26 ಪದ. ಎರಡನ್ನೂ ಎದುರುಬದುರು ಇಟ್ಟಾಗ ಮಕ್ಕಳಿಗೆ ಕಾಣುವುದು ಇದು. 1953 ಇಲ್ಲ, ನವಲಿ ಇಲ್ಲ, ಬೆಳೆ ಬದಲಾವಣೆ ಇಲ್ಲ. ಇಡೀ ಮೊದಲ ಪ್ಯಾರಾ ಮಾಯ. ಸಂಕ್ಷೇಪದಲ್ಲಿ ಹೀಗೆ ಮಾಡಿದರೆ ಅಂಕ ಹೋಗುತ್ತಿತ್ತು. ಇಲ್ಲಿ ಬಿಡದಿದ್ದರೇ ಅಂಕ ಹೋಗುತ್ತದೆ. ಸಂಕ್ಷೇಪದಲ್ಲಿ ಬೇಡ ಎಂದ "ಐದನೇ ಒಂದು ಪಾಲು" ಇಲ್ಲಿ ಬೇಕಾಯಿತು, ಎರಡು ಅಂಕಿಗಳಿಗಿಂತ ಅದೊಂದೇ ಬೇಗ ವಿಷಯ ಹೇಳುತ್ತದೆ. "ಒಂದು, ಎರಡು" ಎಂದು ಕಾರಣಗಳನ್ನು ಬೇರೆ ಮಾಡಿದ್ದು ಬರೆಯುವವರ ಸ್ವಂತ ಜೋಡಣೆ. ಮೂಲದಲ್ಲಿ ಅದು ಹಾಗೆ ಇರಲಿಲ್ಲ. ಸಾರಾಂಶದಲ್ಲಿ ಈ ಸ್ವಾತಂತ್ರ್ಯ ಇದೆ, ಸಂಕ್ಷೇಪದಲ್ಲಿ ಇಲ್ಲ.

"ಲೇಖಕರ ಪ್ರಕಾರ" ಎಂಬ ಮಾತನ್ನೂ ತೋರಿಸಿ. ಸಾರಾಂಶ ಬರೆಯುವವರು ಗದ್ಯದ ಹೊರಗೆ ನಿಂತು ಮಾತಾಡಬಹುದು. ಸಂಕ್ಷೇಪದಲ್ಲಿ ಹೊರಗೆ ನಿಲ್ಲುವಂತಿಲ್ಲ, ಅದು ಲೇಖಕರ ಮಾತೇ ಸಣ್ಣದಾಗಿ ಬಂದದ್ದು. ಅದಕ್ಕೇ "ಈ ಗದ್ಯದಲ್ಲಿ ಲೇಖಕರು ಏನು ಹೇಳುತ್ತಾರೆಂದರೆ" ಎಂದು ಶುರುವಾದ ಸಂಕ್ಷೇಪ ಕಂಡರೆ ನಾನು ಆ ಸಾಲನ್ನು ಪೂರ್ತಿ ಹೊಡೆದು ಹಾಕುತ್ತೇನೆ. ಐದು ಪದ ಸುಮ್ನೆ ದಂಡ. ಪದದ ಮಿತಿ ಬಿಗಿಯಾಗಿದ್ದರೆ ಸಾರಾಂಶದಲ್ಲೂ ಅದು ಬೇಡ.

ಪ್ರಶ್ನೆ ಯಾವ ಅಂಶವನ್ನೂ ಹೆಸರಿಸದೆ ಬರೀ "ಸಾರಾಂಶ ಬರೆಯಿರಿ" ಎಂದರೆ? ಆಗ ಮುಖ್ಯ ಮಾತನ್ನೇ ಮೊದಲು ಹೇಳಬಹುದು. "ರೈತರು ಭತ್ತ ಕಡಿಮೆ ಮಾಡಬೇಕು, ಏಕೆಂದರೆ ಹೂಳಿನಿಂದ ತುಂಗಭದ್ರೆಯ ನೀರು ಕಡಿಮೆಯಾಗಿದೆ ಎನ್ನುವುದು ಲೇಖಕರ ವಾದ." ಈ ಒಂದು ವಾಕ್ಯ ಒಪ್ಪಬಹುದಾದ ಸಾರಾಂಶ. ಕೊನೆಯ ಮಾತು ಮೊದಲಿಗೆ ಬಂದಿದೆ, ನಡುವಿನದು ಒಂದೆರಡು ಪದಕ್ಕೆ ಇಳಿದಿದೆ. ಇದನ್ನು ಯಾರೂ ಸಂಕ್ಷೇಪ ಎನ್ನಲಾರರು.

ಎರಡರಲ್ಲೂ ಆಗುವ ಒಂದು ತಪ್ಪು ನಮ್ಮ ಭಾಗದ ಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ವಿಷಯ ಅವರಿಗೆ ಗೊತ್ತಿರುವುದೇ ಇದಕ್ಕೆ ಕಾರಣ. ಈ ಗದ್ಯ ಕೊಟ್ಟರೆ ಯಾರಾದರೂ ಒಬ್ಬರು 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದದ್ದನ್ನು ಬರೆದೇ ಬರೆಯುತ್ತಾರೆ. ಮುನಿರಾಬಾದ್ ಕಡೆಯವರಾದರೆ ಕೇಳುವುದೇ ಬೇಡ. ಅದು ನಿಜ, ಆದರೆ ಗದ್ಯದಲ್ಲಿ ಇಲ್ಲ. ಕೆಲವರು "ಸರ್ಕಾರ ಕೂಡಲೇ ಹೂಳೆತ್ತಬೇಕು" ಎಂದೂ ಮುಗಿಸುತ್ತಾರೆ. ಗದ್ಯ ಹೇಳುವುದು ಅದರ ಉಲ್ಟಾ! ಹೂಳೆತ್ತುವುದು ಸದ್ಯಕ್ಕೆ ಆಗದ ಕೆಲಸ ಎಂದು. ಹಾಗಾಗಿ ಅಭ್ಯಾಸಕ್ಕೆ ಬೇಕೆಂದೇ ಊರಿನ ವಿಷಯ ಕೊಡಿ. ಬಳ್ಳಾರಿ ಗಣಿ, ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಕಿನ್ನಾಳದ ಗೊಂಬೆ. ಉತ್ತರ ಬಂದ ಮೇಲೆ ಪಕ್ಕದವರ ಹಾಳೆ ಬದಲಾಯಿಸಿ, ಪ್ರತಿ ವಾಕ್ಯ ಮೂಲದ ಯಾವ ಸಾಲಿನಿಂದ ಬಂತು ಎಂದು ಗೆರೆ ಎಳೆಯಲು ಹೇಳಿ. ಗೆರೆ ಸಿಗದ ವಾಕ್ಯ ಹೊರಗಿನಿಂದ ಬಂದದ್ದು. ಸಂಕ್ಷೇಪವಾದರೆ ಇನ್ನೊಂದನ್ನೂ ನೋಡಬೇಕು. ಗೆರೆಗಳು ಒಂದನ್ನೊಂದು ದಾಟಿದರೆ ಕ್ರಮ ತಪ್ಪಿದೆ. ಸಾರಾಂಶದಲ್ಲಿ ದಾಟಿದರೂ ಅಡ್ಡಿಯಿಲ್ಲ.

ನಿಮ್ಮ ಹತ್ತಿರ ಮೂರು ಬೋರ್ಡಿನ ಮಕ್ಕಳು ಇರುವುದರಿಂದ ಇದನ್ನೂ ಹೇಳುತ್ತೇನೆ. ಐಸಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್‌ನಲ್ಲಿ ಬರುವುದು ನಮ್ಮ ಎರಡನೇ ಥರದ್ದು. ಗದ್ಯದ ಒಂದು ಅಂಶ ಹೆಸರಿಸಿ, ಅದನ್ನಷ್ಟೇ 50 ಪದದೊಳಗೆ ಬರೆಯಲು ಕೇಳುತ್ತಾರೆ. ಅಲ್ಲಿ ಇಡೀ ಗದ್ಯ ಕುಗ್ಗಿಸಿದರೆ ಪದಗಳೆಲ್ಲ ಬೇಡದ ಕಡೆ ಖರ್ಚಾಗುತ್ತವೆ. ಸಿಬಿಎಸ್‌ಇ ಹನ್ನೊಂದರಲ್ಲಿ ಮೊದಲು ನೋಟ್ ಮೇಕಿಂಗ್, ಆಮೇಲೆ ಸಮ್ಮರಿ. ಮಕ್ಕಳು ನೋಟ್ಸಿನ ಮುಖ್ಯ ತಲೆಬರಹಗಳನ್ನು ಹಿಡಿದು ಬರೆಯಲಿ, ಮತ್ತೆ ಗದ್ಯಕ್ಕೆ ಹೋಗುವ ಅಗತ್ಯ ಇರುವುದಿಲ್ಲ. ಶುದ್ಧ ಸಂಕ್ಷೇಪ ಅವರಿಗೆ ಮುಂದೆ ಸಿಗುವುದು ಕೆಪಿಎಸ್‌ಸಿ, ಯುಪಿಎಸ್‌ಸಿಯ ಭಾಷಾ ಪತ್ರಿಕೆಗಳಲ್ಲಿ.

ಶೀರ್ಷಿಕೆಯ ವಿಷಯದಲ್ಲಿ ಮಾತ್ರ ಒಂದೇ ನಿಯಮ ಹೇಳಿಕೊಡಬೇಡಿ. ಶಾಲೆಯ ವ್ಯಾಕರಣ ಪುಸ್ತಕಗಳು ಸಂಕ್ಷೇಪಕ್ಕೆ ತಲೆಬರಹ ಕೊಡಿ ಎನ್ನುತ್ತವೆ. ಯುಪಿಎಸ್‌ಸಿ ಪ್ರಶ್ನೆಯಲ್ಲಿ ತಲೆಬರಹ ಕೊಡಬೇಡಿ ಎಂದೇ ಇರುತ್ತದೆ. ಪ್ರಶ್ನೆಯ ಸೂಚನೆ ಓದಿ ಆಮೇಲೆ ಬರೆಯಲಿ. ಕೊಡಬೇಕಾದಾಗ "ತುಂಗಭದ್ರಾ ಅಣೆಕಟ್ಟೆ" ಎಂದು ಬರೆದರೆ ಅದು ತುಂಬಾ ಅಗಲ, ಆ ಹೆಸರಿನಡಿ ಗೇಟಿನ ಕಥೆಯೂ ಹಿಡಿಯುತ್ತದೆ. "ಮಾನ್ವಿ ರೈತರ ಗೋಳು" ತುಂಬಾ ಕಿರಿದು. "ಹೂಳಿನಿಂದ ಕುಗ್ಗಿದ ತುಂಗಭದ್ರೆ" ಎಂದರೆ ಸರಿಹೋಗುತ್ತದೆ. ಸಂಕ್ಷೇಪ ಬರೆದು ಮುಗಿಸಿದ ಮೇಲೆ ತಲೆಬರಹ ಹಾಕಿಸಿ. ಮೊದಲೇ ಹಾಕಿಸಿದರೆ ಮಕ್ಕಳು ಗದ್ಯವನ್ನು ಬಿಟ್ಟು ಆ ತಲೆಬರಹಕ್ಕೆ ತಕ್ಕಂತೆ ಬರೆಯಲು ಶುರು ಮಾಡುತ್ತಾರೆ.